ಸಾವಿನ ಮನೆಯಿಂದ ಕ್ಯಾಷ್ ಕೌಂಟರಿಗೆ: ಪತ್ತಿನ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಯದರ್ಶಿಗಳೇ, ಶಾಖಾ ವ್ಯವಸ್ಥಾಪಕರೇ,

ನಿಮ್ಮ ಸಂಘದ ಸಿಬ್ಬಂದಿ ಸೇವಾ ನಿಯಮಾವಳಿಯನ್ನು ಬೀರುವಿನಿಂದ ತೆಗೆದು ರಜೆಯ ಭಾಗವನ್ನು ಒಮ್ಮೆ ಓದಿ. ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧವೇತನ ರಜೆ, ಹೆರಿಗೆ ರಜೆ, ಎಲ್ಲವೂ ಇರುತ್ತವೆ. ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ಕಳೆದುಕೊಂಡವರಿಗೆ ಎಷ್ಟು ದಿನ, ಅವರ ಕೆಲಸ ಯಾರ ಪಾಲಿಗೆ, ಮರಳಿ ಬಂದಾಗ ಹೇಗೆ ಎಂಬುದರ ಬಗ್ಗೆ ನಾನು ನೋಡಿದ ನಿಯಮಾವಳಿಗಳಲ್ಲಿ ಒಂದು ಸಾಲೂ ಇರಲಿಲ್ಲ. ಗಳಿಕೆ ರಜೆಗೆ ಮುಂಚಿತವಾಗಿ ಅರ್ಜಿ ಕೊಡಬೇಕು ಎಂಬ ಸಾಲು ಮಾತ್ರ ಎಲ್ಲ ಕಡೆ ಇತ್ತು. ಸಾವು ಮುಂಚಿತವಾಗಿ ಹೇಳಿ ಬರುವುದಿಲ್ಲ. ಹಾಗಾಗಿ ಸಂಕಟದಲ್ಲಿರುವವರ ಪಾಲಿಗೆ ಬರುವ ರಜೆ ಆ ದಿನ ಕುರ್ಚಿಯಲ್ಲಿ ಕೂತವರ ಮನಸ್ಸಿನ ಮೇಲೆ ನಿಂತಿರುತ್ತದೆ. ಪತ್ತಿನ ಸಂಘಗಳಲ್ಲೇ ದುಡಿದು ನಿವೃತ್ತನಾದವನು ನಾನು. ಇದು ಹಾಗೆ ಇರಬಾರದು ಎಂಬ ಕಾರಣಕ್ಕೆ ಈ ಪತ್ರ.

ಕಾನೂನು ಕೂಡ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಖಾಸಗಿ ನೌಕರರಿಗೆ ಸಾವಿನ ರಜೆ ಎಂದು ಪ್ರತ್ಯೇಕವಾಗಿ ಕೊಡುವ ಕಾನೂನು ನಮ್ಮ ದೇಶದಲ್ಲಿಲ್ಲ. ಆದರೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಮಾತಿದೆ. ವರ್ಷಕ್ಕೆ 12 ದಿನಗಳವರೆಗಿನ ಸಂಬಳಸಹಿತ ರಜೆಯನ್ನು ಅದು ಕಾಯಿಲೆಗೆ, ಅಪಘಾತಕ್ಕೆ ಮಾತ್ರ ಮೀಸಲಿಡದೆ ಇತರ ಸಮಂಜಸ ಕಾರಣಕ್ಕೂ ತೆರೆದಿಟ್ಟಿದೆ. ನಮ್ಮ ಸಂಘಕ್ಕೆ ಆ ಕಾಯ್ದೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಪಕ್ಕದ ಬಟ್ಟೆ ಅಂಗಡಿಯ ನೌಕರನಿಗೆ ಸಿಗಬಹುದಾದಷ್ಟಾದರೂ ನಮ್ಮ ನೌಕರರಿಗೆ ಸಿಗಬೇಕು ಎಂದು ಅದನ್ನು ಕನಿಷ್ಠ ಅಳತೆಯಾಗಿ ಹಿಡಿದರೆ ಸಾಕು.

ಒಂದು ತಾಲ್ಲೂಕು ಕೇಂದ್ರದ ಸಂಘದಲ್ಲಿ ನಾನು ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ. ಏಳು ಜನ ಸಿಬ್ಬಂದಿ, ಅವರ ಹೊರತಾಗಿ ಪಿಗ್ಮಿ ಸಂಗ್ರಾಹಕರು. ಫೆಬ್ರವರಿಯ ಒಂದು ಸಂಜೆ ಕ್ಯಾಷಿಯರ್ ಅವರ ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಆಕೆಗೆ ಇನ್ನೂ ನಲವತ್ತಾಗಿರಲಿಲ್ಲ, ಇಬ್ಬರು ಮಕ್ಕಳು ಶಾಲೆಯಲ್ಲಿದ್ದರು. ಮುಂದೆ ಮಾರ್ಚ್ ಕೊನೆ ಕಾದಿತ್ತು.

ಮೊದಲ ರಾತ್ರಿಯ ಪ್ರಶ್ನೆಯೇ ಕಠಿಣ. ತಿಜೋರಿಗೆ ಎರಡು ಬೀಗದ ಕೈ, ಒಂದು ವ್ಯವಸ್ಥಾಪಕರ ಬಳಿ, ಇನ್ನೊಂದು ಕ್ಯಾಷಿಯರ್ ಬಳಿ. ಆಕೆಯ ಕೀ ಇಲ್ಲದೆ ಬೆಳಿಗ್ಗೆ ತಿಜೋರಿ ತೆರೆಯುವುದಿಲ್ಲ. ಸಾವಿನ ಮನೆಗೆ ಫೋನ್ ಮಾಡಿ ಕೀ ಕೇಳುವುದು ಯಾರಿಗೂ ಬೇಡದ ಕೆಲಸ, ಆದರೆ ಕೇಳದೆ ವಿಧಿಯಿಲ್ಲ ಎಂದುಕೊಂಡು ಎಷ್ಟೋ ಕಡೆ ಅದನ್ನೇ ಮಾಡುತ್ತಾರೆ. ಈ ವ್ಯವಸ್ಥಾಪಕರು ಫೋನ್ ಮಾಡಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಮನೆಗೆ ಹೋದರು, ಆಕೆಯನ್ನು ಏನೂ ಕೇಳದೆ ಆಕೆಯ ಅಣ್ಣನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದರು. ಕೈಚೀಲದಲ್ಲಿದ್ದ ಕೀಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಇಬ್ಬರ ಸಹಿ ಮಾಡಿ ತಂದರು. ಕೀ ಪಡೆದದ್ದಕ್ಕೆ ರಸೀದಿ ಬರೆದು ಅಣ್ಣನ ಕೈಗೆ ಕೊಟ್ಟರು. ಮರುದಿನ ಬೆಳಿಗ್ಗೆ ವ್ಯವಸ್ಥಾಪಕರು, ಲೆಕ್ಕಿಗರು, ಒಬ್ಬ ನಿರ್ದೇಶಕರು ಸೇರಿ ತಿಜೋರಿ ತೆರೆದು, ನೋಟುಗಳನ್ನು ಮುಖಬೆಲೆವಾರು ಎಣಿಸಿ, ಹಿಂದಿನ ಸಂಜೆ ಆಕೆ ಮುಗಿಸಿದ್ದ ನಗದು ಪುಸ್ತಕದ ಶಿಲ್ಕಿಗೆ ತಾಳೆ ನೋಡಿ ಮೂವರೂ ಸಹಿ ಮಾಡಿದರು.

ಆ ಸಹಿಗಳು ಸಂಘಕ್ಕಿಂತ ಹೆಚ್ಚಾಗಿ ಆಕೆಯನ್ನೇ ಕಾಪಾಡುತ್ತವೆ. ಎರಡು ತಿಂಗಳ ನಂತರ ಒಂದು ಕಂತೆಯಲ್ಲಿ ನೋಟು ಕಡಿಮೆ ಬಂದರೆ ಅನುಮಾನ ಯಾವಾಗಲೂ ಅಲ್ಲಿಲ್ಲದವರ ಮೇಲೆ ಹೋಗುತ್ತದೆ. ಆಕೆ ಬಿಟ್ಟುಹೋದ ಸಂಜೆಯ ಶಿಲ್ಕು ಪೈಸೆ ಪೈಸೆ ಸರಿಯಿತ್ತು ಎಂಬ ಕಾಗದ ಇದ್ದರೆ ಆ ಮಾತು ಏಳುವುದೇ ಇಲ್ಲ. ಇನ್ನೂ ಒಳ್ಳೆಯ ದಾರಿ, ನಕಲು ಕೀಗಳ ಮೊಹರು ಮಾಡಿದ ಲಕೋಟೆಯನ್ನು ನೀವು ಖಾತೆ ಇಟ್ಟಿರುವ ಬ್ಯಾಂಕಿನಲ್ಲಿ ಮೊದಲೇ ಇಟ್ಟಿರುವುದು. ಹಾಗಿದ್ದಲ್ಲಿ ಕೀಗಾಗಿ ಯಾರ ಮನೆಗೂ ಹೋಗಬೇಕಿಲ್ಲ, ಸಾಂತ್ವನ ಹೇಳುವುದಕ್ಕಷ್ಟೇ ಹೋಗಬಹುದು.

ಅದೇ ಬೆಳಿಗ್ಗೆ ಇನ್ನೊಂದು ಕೆಲಸವಾಯಿತು. ಕಂಪ್ಯೂಟರಿನಲ್ಲಿ ಆಕೆಯ ಲಾಗಿನ್ ನಿಲ್ಲಿಸಿದರು. ಗುಮಾಸ್ತರೊಬ್ಬರಿಗೆ ಕ್ಯಾಷ್ ಅಧಿಕಾರವಿರುವ ತಾತ್ಕಾಲಿಕ ಲಾಗಿನ್ ತೆರೆದರು. ಪಾಸ್‌ವರ್ಡ್ ಗೊತ್ತಿದೆಯಲ್ಲ, ಆಕೆಯ ಹೆಸರಲ್ಲೇ ನಡೆಸೋಣ ಎಂಬ ಸಲಹೆ ಇಂಥ ಹೊತ್ತಿನಲ್ಲಿ ತಪ್ಪದೆ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಲೆಕ್ಕಪರಿಶೋಧಕರ ಆಕ್ಷೇಪಣೆ ಒಂದು ಕಡೆಗಿರಲಿ. ಗಂಡನ ಅಂತ್ಯಕ್ರಿಯೆಯ ದಿನ ತನ್ನ ಹೆಸರಿನಲ್ಲಿ ಎಂಬತ್ತು ವೋಚರು ಪಾಸಾಗಿರುವುದನ್ನು ಆಕೆ ಮುಂದೊಂದು ದಿನ ಆ ಪರದೆಯ ಮೇಲೆ ನೋಡಬೇಕಾಗುತ್ತದೆ.

ಕೆಲಸ ಹಂಚುವ ವಿಷಯದಲ್ಲಿ ಸಣ್ಣ ಸಂಘಗಳು ಎಡವುವುದು ಒಳ್ಳೆಯತನದಿಂದಲೇ. ಮೊದಲ ವಾರ ಎಲ್ಲರೂ "ನಾವು ನೋಡ್ಕೊಳ್ತೀವಿ ಬಿಡಿ" ಎನ್ನುತ್ತಾರೆ. ಮೂರನೇ ವಾರಕ್ಕೆ ಆ ಮಾತು ಹೇಳಿದವರೇ ಸುಸ್ತಾಗಿರುತ್ತಾರೆ, ಯಾವಾಗ ಬರ್ತಾರಂತೆ ಎಂಬ ಪ್ರಶ್ನೆ ಶುರುವಾಗುತ್ತದೆ. ಅದು ಹೇಗೋ ಆಕೆಯ ಕಿವಿಗೂ ಬೀಳುತ್ತದೆ. ಏಳು ಜನರ ಕೆಲಸವನ್ನು ಆರು ಜನ ಮಾಡುವುದಾದರೆ ಕೆಲಸವೂ ಕಡಿಮೆಯಾಗಬೇಕು, ಇಲ್ಲವೇ ಕೈಗಳು ಹೆಚ್ಚಬೇಕು. ಆ ವ್ಯವಸ್ಥಾಪಕರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಒಂದು ತಿಂಗಳ ಮಟ್ಟಿಗೆ ನಗದು ವ್ಯವಹಾರದ ಸಮಯವನ್ನು ಮಧ್ಯಾಹ್ನ ಒಂದು ಗಂಟೆ ಮೊದಲೇ ಮುಗಿಸುವುದಾಗಿ ಬಾಗಿಲಿಗೆ ನೋಟಿಸು ಅಂಟಿಸಿದರು. ಪಿಗ್ಮಿ ಸಂಗ್ರಾಹಕರೆಲ್ಲ ಸಂಜೆ ಒಟ್ಟಿಗೆ ನುಗ್ಗುತ್ತಿದ್ದರು, ಅವರಲ್ಲಿ ಅರ್ಧ ಜನರನ್ನು ಬೆಳಿಗ್ಗೆಗೆ ಬದಲಿಸಿದರು. ಹೊಸ ಸಾಲದ ಅರ್ಜಿಗಳನ್ನು ವಾರದಲ್ಲಿ ಎರಡು ದಿನ ಮಾತ್ರ ತೆಗೆದುಕೊಂಡರು. ಚಿನ್ನದ ಸಾಲ ತೀರಿಸಿ ಒಡವೆ ಬಿಡಿಸಿಕೊಳ್ಳಲು ಬರುವವರನ್ನು ಮಾತ್ರ ಕಾಯಿಸಲಿಲ್ಲ, ಅವರ ಮನೆಯಲ್ಲಿ ಮದುವೆಯೋ ಮುಂಜಿಯೋ ಇರುತ್ತದೆ. ಮಾರ್ಚ್ ಕೊನೆಯ ಕೆಲಸಕ್ಕೆ ನಿವೃತ್ತ ಲೆಕ್ಕಿಗರೊಬ್ಬರನ್ನು ದಿನಗೂಲಿ ಲೆಕ್ಕದಲ್ಲಿ ಕರೆಸಿದರು.

ಹಣದ ಮಾತನ್ನೂ ಮುಚ್ಚಿಡಲಿಲ್ಲ. ಕ್ಯಾಷ್ ನೋಡಿಕೊಂಡ ಗುಮಾಸ್ತರಿಗೆ ಆ ಅವಧಿಯ ನಗದು ಭತ್ಯೆ ಕೊಟ್ಟರು. ಅದಕ್ಕಾಗಿ ರಜೆಯಲ್ಲಿದ್ದ ಕ್ಯಾಷಿಯರ್ ಭತ್ಯೆಯನ್ನು ಮೊದಲ ತಿಂಗಳು ಕತ್ತರಿಸಲೂ ಇಲ್ಲ. ಸಂಘಕ್ಕೆ ಅದೊಂದು ಸಣ್ಣ ಮೊತ್ತ. ಆದರೆ ನನ್ನ ಸಂಬಳ ಅವರಿಗೆ ಹೋಯಿತು ಎಂದು ಒಬ್ಬರಿಗೂ, ಪುಕ್ಕಟೆ ದುಡಿದೆ ಎಂದು ಇನ್ನೊಬ್ಬರಿಗೂ ಅನ್ನಿಸಲಿಲ್ಲ. ಈ ವ್ಯವಸ್ಥೆ ಏಪ್ರಿಲ್ 15ರವರೆಗೆ, ಅಂದು ಮತ್ತೆ ಕೂತು ನೋಡೋಣ ಎಂದು ಮೊದಲೇ ದಿನಾಂಕ ಹೇಳಿದ್ದರಿಂದ ಯಾವಾಗ ಬರ್ತಾರಂತೆ ಎಂಬ ಪ್ರಶ್ನೆಯೇ ಏಳಲಿಲ್ಲ.

ಇನ್ನು ರಜೆ. ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿ ಮುಗಿಯುತ್ತದೆ, ಆಮೇಲೆ ಕೆಲಸಕ್ಕೆ ಬರಬಹುದು ಎಂಬುದು ನಮ್ಮಲ್ಲಿರುವ ಸಾಮಾನ್ಯ ಲೆಕ್ಕ. ನೆಂಟರು ಊರಿಗೆ ಮರಳುವುದೂ ಆಗಲೇ, ಮನೆ ಖಾಲಿಯಾಗುವುದೂ ಆಗಲೇ. ಕಾಗದಪತ್ರದ ಓಡಾಟ ಶುರುವಾಗುವುದೂ ಆಗಲೇ ಎಂಬುದನ್ನು ನಾವು ಮರೆಯುತ್ತೇವೆ. ಈಕೆಯ ಮುಂದಿದ್ದ ಕೆಲಸಗಳನ್ನೇ ನೋಡಿ. ಮರಣದ ನೋಂದಣಿ 21 ದಿನಗಳೊಳಗೆ ಆಗಬೇಕು. ಅಪಘಾತವಾದ್ದರಿಂದ ಪೊಲೀಸ್ ಠಾಣೆಯಿಂದ ಎಫ್‌ಐಆರ್ ಪ್ರತಿ, ಆಸ್ಪತ್ರೆಯಿಂದ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹಾಕಬೇಕೆಂದು ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಗಂಡ ಕಾರ್ಖಾನೆಯ ನೌಕರರಾಗಿದ್ದರು, ಭವಿಷ್ಯನಿಧಿಯ ಹಣ, ವಿಧವಾ ಪಿಂಚಣಿ, ಅದಕ್ಕೆ ಹೊಂದಿಕೊಂಡ ವಿಮೆ, ಮೂರಕ್ಕೂ ಅರ್ಜಿ ಹಾಕಬೇಕು. ನಾಡಕಚೇರಿಯಲ್ಲಿ ವಂಶವೃಕ್ಷ, ಊರಿನ ಜಮೀನಿಗೆ ಪೌತಿ ಖಾತೆ, ಬ್ಯಾಂಕಿನಲ್ಲಿ ನಾಮಿನಿ ಪತ್ರ. ಈ ಎಲ್ಲ ಕಚೇರಿಗಳೂ ತೆರೆದಿರುವುದು ನಮ್ಮ ಸಂಘ ತೆರೆದಿರುವ ಹೊತ್ತಿನಲ್ಲೇ. ರಜೆ ಹಾಕದೆ ಆಕೆ ಒಂದನ್ನೂ ಮುಗಿಸಲಾರರು.

ಆದ್ದರಿಂದ ಇದ್ದ ರಜೆಯನ್ನೆಲ್ಲ ಮೊದಲ ತಿಂಗಳಲ್ಲೇ ಒಟ್ಟಿಗೆ ಬರೆದು ಮುಗಿಸುವುದು ತಪ್ಪು. ಆ ಸಂಘದ ಆಡಳಿತ ಮಂಡಳಿ 15 ದಿನಗಳ ವಿಶೇಷ ರಜೆಯನ್ನು ಸಂಬಳಸಹಿತ ಕೊಟ್ಟಿತು. ಆಮೇಲೆ ಆಕೆಯ ಇಚ್ಛೆಯಂತೆ ಎರಡು ವಾರ ಗಳಿಕೆ ರಜೆ ಸೇರಿತು. ಇದರ ಜೊತೆಗೆ ಮುಂದಿನ ಒಂದು ವರ್ಷದಲ್ಲಿ ಬೇಕಾದಾಗ ತೆಗೆದುಕೊಳ್ಳಲು ಹನ್ನೆರಡು ಅರ್ಧ ದಿನಗಳನ್ನು ಬೇರೆಯಾಗಿ ತೆಗೆದಿಟ್ಟರು, ಕಾರಣ ಬರೆಯದೆ ಹಿಂದಿನ ದಿನ ಹೇಳಿದರೆ ಸಾಕು. ಆ ಅರ್ಧ ದಿನಗಳಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ ಎಂಬುದು ನಾನು ಕಂಡ ಸತ್ಯ. ಒಂದು ಠಾಣೆಗೆ ಹೋಯಿತು, ಎರಡು ಭವಿಷ್ಯನಿಧಿ ಕಚೇರಿಗೆ, ಒಂದು ಜೂನ್‌ನಲ್ಲಿ ಮಕ್ಕಳ ಶಾಲೆ ಶುರುವಾದ ದಿನಕ್ಕೆ. ವರ್ಷಾಬ್ದಿಕಕ್ಕೂ ಉಳಿದಿತ್ತು.

ಎಲ್ಲರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ ಎಂಬುದನ್ನೂ ನಿಯಮ ಬರೆಯುವಾಗ ನೆನಪಿಡಿ. ಗಂಡನನ್ನು ಕಳೆದುಕೊಂಡ ಮುಸ್ಲಿಂ ಸಿಬ್ಬಂದಿಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಗಳಿಕೆ ರಜೆ, ಅರ್ಧವೇತನ ರಜೆ, ವೇತನರಹಿತ ರಜೆ ಕೂಡಿಸಿ ಅಷ್ಟು ಕಾಲ ಹುದ್ದೆ ಖಾಲಿ ಎಂದು ತೋರಿಸದೆ ಉಳಿಸಲು ದಾರಿ ಇರಬೇಕು. ಗರ್ಭಪಾತವಾದವರಿಗೆ ಆರು ವಾರಗಳ ಸಂಬಳಸಹಿತ ರಜೆ ಹೆರಿಗೆ ಸೌಲಭ್ಯದ ಕಾನೂನಿನಲ್ಲೇ ಇದೆ. ಅದನ್ನು ಕೇಳಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ನೀವೇ ತಿಳಿಸಬೇಕು.

ರಜೆಯಲ್ಲಿರುವಾಗ ಆಕೆಯ ಮನೆಗೆ ಸಂಘದ ಪರವಾಗಿ ಒಬ್ಬರೇ ಫೋನ್ ಮಾಡಲಿ, ಅದೂ ಆಕೆಗೆ ಹತ್ತಿರವಿರುವವರು. ಆ ಫೋನಿನಲ್ಲಿ ಕಚೇರಿಯ ಒಂದು ಪ್ರಶ್ನೆಯೂ ಬರಬಾರದು. ಯಾವುದೋ ಕಡತ ಎಲ್ಲಿದೆ ಎಂದು ಕೇಳಬೇಕೆನಿಸಿದರೆ ಎಲ್ಲರೂ ಸೇರಿ ಹುಡುಕಿ.

ಇಲ್ಲಿ ಪತ್ತಿನ ಸಂಘಗಳಿಗೇ ವಿಶೇಷವಾದ ಒಂದು ತೊಡಕಿದೆ. ನಮ್ಮ ಸಿಬ್ಬಂದಿಯ ಮನೆಯವರು ನಮ್ಮದೇ ಸದಸ್ಯರಾಗಿರುತ್ತಾರೆ. ಈಕೆಯ ಗಂಡನ ಹೆಸರಿನಲ್ಲೂ ಸಂಘದಲ್ಲಿ ಒಂದು ವಾಹನ ಸಾಲವಿತ್ತು, ಅವರು ಸತ್ತ ಬೈಕಿನದ್ದೇ. ಯಾರೂ ಗಮನಿಸದಿದ್ದರೆ ತಿಂಗಳ ಐದನೇ ತಾರೀಖು ಕಂತು ಬಾಕಿ ಎಂಬ ಎಸ್‌ಎಂಎಸ್ ಆ ಮನೆಯಲ್ಲಿ ಚಾರ್ಜಿಗೆ ಹಾಕಿಟ್ಟ ಫೋನಿಗೆ ತಾನಾಗಿಯೇ ಹೋಗುತ್ತಿತ್ತು. ಲೆಕ್ಕಿಗರು ಮೊದಲ ವಾರದಲ್ಲೇ ಆ ಖಾತೆಯನ್ನು ಹುಡುಕಿ ಸಂದೇಶ ನಿಲ್ಲಿಸಿದರು, ವಸೂಲಿ ನೋಟಿಸಿನ ಪಟ್ಟಿಯಿಂದ ತಾತ್ಕಾಲಿಕವಾಗಿ ಬದಿಗಿಟ್ಟರು, ಸಾಲಕ್ಕೆ ವಿಮೆ ಇತ್ತೇ ಎಂದು ತೆಗೆದು ನೋಡಿದರು. ಷೇರು, ಠೇವಣಿ, ನಾಮಿನಿಯ ಕಾಗದಗಳನ್ನು ಬೇರೊಬ್ಬ ಗುಮಾಸ್ತರು ಸಿದ್ಧಪಡಿಸಿದರು, ಇನ್ನೊಬ್ಬರು ಪರಿಶೀಲಿಸಿದರು. ಗಂಡನ ಖಾತೆ ಮುಚ್ಚುವ ವೋಚರು ಹೆಂಡತಿಯ ಮೇಜಿಗೆ ಬರಬಾರದು. ಲೆಕ್ಕದ ಶಿಸ್ತಿಗೂ ಅದೇ ಸರಿ, ಆಕೆಯ ಮನಸ್ಸಿಗೂ ಅದೇ ಸರಿ.

ಈಗ ಮರಳಿ ಬರುವ ದಿನ. ತಾಲ್ಲೂಕು ಕೇಂದ್ರದ ಕ್ಯಾಷ್ ಕೌಂಟರ್ ಎಂದರೆ ಊರಿನ ಬೀದಿಯಿದ್ದ ಹಾಗೆ. ಗಾಜಿನ ಆಚೆ ನಿಂತ ಪ್ರತಿಯೊಬ್ಬರೂ ಪರಿಚಯದವರು, ಪ್ರತಿಯೊಬ್ಬರೂ ಒಳ್ಳೆಯ ಮನಸ್ಸಿನಿಂದಲೇ "ಹೆಂಗಾಯ್ತು ಮೇಡಂ, ಹೆಲ್ಮೆಟ್ ಹಾಕಿರ್ಲಿಲ್ವಾ?" ಎಂದು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅದೇ ಕಥೆಯನ್ನು, ನೋಟು ಎಣಿಸುತ್ತಾ, ಹೇಳುತ್ತಾ ಕೂರಬೇಕು. ಎಣಿಕೆ ತಪ್ಪುತ್ತದೆ. ದುಃಖದಲ್ಲಿರುವವರಿಗೆ ಗಮನ ಜಾರುವುದು, ಈಗ ಮಾಡಿದ್ದು ಈಗಲೇ ಮರೆಯುವುದು, ರಾತ್ರಿ ನಿದ್ದೆ ಇಲ್ಲದಿರುವುದು ಸಾಮಾನ್ಯ. ಬೇರೆ ಮೇಜಿನಲ್ಲಾದರೆ ಅದು ಒಂದು ಕಾಗುಣಿತದ ತಪ್ಪಾಗಿ ಹೋದೀತು. ಕ್ಯಾಷಿಯರ್ ಮೇಜಿನಲ್ಲಿ ಅದು ಐನೂರು ರೂಪಾಯಿಯ ಕೊರತೆ. ಕೊರತೆಯನ್ನು ಕ್ಯಾಷಿಯರೇ ಕೈಯಿಂದ ತುಂಬಬೇಕು ಎಂಬುದು ನಮ್ಮ ಸಂಘಗಳ ರೂಢಿ. ಮನೆಯ ಒಂದು ಸಂಬಳ ನಿಂತುಹೋದ ತಿಂಗಳಿನಲ್ಲಿ ಇನ್ನೊಂದು ಸಂಬಳದಿಂದ ಹೀಗೆ ಕಡಿತವಾಗುವುದನ್ನು ನೀವು ಒಪ್ಪುತ್ತೀರಾ?

ಹಾಗೆಂದು ಆಕೆಯನ್ನು ಕೇಳದೆ ಕೌಂಟರಿನಿಂದ ಎತ್ತಿ ಒಳಗೆ ಕೂರಿಸುವುದೂ ಸರಿಯಲ್ಲ. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ಸಂಶೋಧಕರು 1999ರಲ್ಲಿ ಒಂದು ವಿಚಾರ ಮಂಡಿಸಿದರು. ದುಃಖದಲ್ಲಿರುವವರು ಒಂದು ಹೊತ್ತು ಅಗಲಿಕೆಯ ನೋವಿಗೆ ಮುಖ ಮಾಡುತ್ತಾರೆ, ಇನ್ನೊಂದು ಹೊತ್ತು ಅದರಿಂದ ಹೊರಳಿ ಬದುಕಿನ ಕೆಲಸಗಳಿಗೆ ಮುಖ ಮಾಡುತ್ತಾರೆ, ಈ ಹೋಗಿ ಬರುವ ಓಡಾಟವೇ ಚೇತರಿಕೆಯ ದಾರಿ ಎಂದು ಅವರು ಹೇಳಿದರು. ಕೆಲಸ ಕೆಲವರಿಗೆ ಆ ಎರಡನೆಯ ಹೊತ್ತನ್ನು ಒದಗಿಸುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಹೊರಗಿನವರು ಊಹಿಸಲಾಗದು, ಕೇಳಬೇಕು. ನಿಮಗೇನು ಬೇಕು ಎಂದು ಕೇಳಿದರೆ "ಏನೂ ಬೇಡ ಸಾರ್" ಎಂಬ ಉತ್ತರ ಬರುತ್ತದೆ. ಆ ವ್ಯವಸ್ಥಾಪಕರು ಎರಡು ದಾರಿ ಮುಂದಿಟ್ಟು ಕೇಳಿದರು: "ಮೊದಲ ಮೂರು ವಾರ ಒಳಗೆ ವೋಚರು ಪರಿಶೀಲನೆ ನೋಡ್ತೀರೋ, ಅಥವಾ ಬೆಳಿಗ್ಗೆ ಎರಡು ಗಂಟೆ ಮಾತ್ರ ಕೌಂಟರಲ್ಲಿ ಕೂತು ಆಮೇಲೆ ಒಳಗೆ ಬರ್ತೀರೋ? ನಡುವೆ ಮನಸ್ಸು ಬದಲಾದ್ರೆ ಬದಲಾಯಿಸೋಣ." ಆಕೆ ಮೊದಲನೆಯದನ್ನು ಆರಿಸಿಕೊಂಡರು, ಎರಡನೇ ವಾರದ ಕೊನೆಗೆ ತಾವೇ ಕೌಂಟರ್ ಕೇಳಿದರು. ಮೊದಲ ತಿಂಗಳು ದಿನದ ಕೊನೆಯ ಎಣಿಕೆಯನ್ನು ಇನ್ನೊಬ್ಬರು ಜೊತೆಗೆ ಕೂತು ಮಾಡಿದರು. ಕೊರತೆ ಬಂದರೆ ಅನಾಮತ್ತು ಖಾತೆಗೆ ಹಾಕಿ ಆಡಳಿತ ಮಂಡಳಿಯ ಮುಂದಿಡುವುದು, ಸಂಬಳಕ್ಕೆ ಕೈ ಹಾಕುವುದಿಲ್ಲ ಎಂದು ಬರೆದುಕೊಟ್ಟರು.

ಆಕೆ ಬರುವ ಹಿಂದಿನ ದಿನ ಸಿಬ್ಬಂದಿಗೂ ಪಿಗ್ಮಿ ಸಂಗ್ರಾಹಕರಿಗೂ ವ್ಯವಸ್ಥಾಪಕರು ಕೂಡಿಸಿ ಹೇಳಿದ್ದು ಇಷ್ಟೇ: ಬಂದಾಗ ಒಮ್ಮೆ ಮಾತಾಡಿಸಿ, ಘಟನೆ ಕೇಳಬೇಡಿ, ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಮಧ್ಯಾಹ್ನ ಊಟಕ್ಕೆ ಎಂದಿನಂತೆ ಕರೆಯಿರಿ. ಸಂಕೋಚದಿಂದ ಎಲ್ಲರೂ ದೂರ ಉಳಿದರೆ ಅದು ಪ್ರಶ್ನೆಗಳಿಗಿಂತ ಹೆಚ್ಚು ನೋಯಿಸುತ್ತದೆ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಗಂಡ ಸತ್ತವಳು ಬೆಳಿಗ್ಗೆ ಮೊದಲ ಬೋಣಿಯ ಹೊತ್ತಿಗೆ ಕ್ಯಾಷ್‌ನಲ್ಲಿ ಕೂರುವುದು ಬೇಡ, ಶುಕ್ರವಾರದ ಪೂಜೆಗೆ ಮುಂದೆ ಬರುವುದು ಬೇಡ ಎಂದು ಮೆಲ್ಲಗೆ ಹೇಳುವ ನಿರ್ದೇಶಕರು, ಗ್ರಾಹಕರು ಇಂದಿಗೂ ಇದ್ದಾರೆ. ಅವರಿಗೆ ನೋವಾಗದಂತೆ ಉತ್ತರ ಹುಡುಕುತ್ತಾ ಕೂರಬೇಡಿ. ಸಾಧ್ಯವಿಲ್ಲ ಎಂದು ಅಲ್ಲೇ ಹೇಳಿ. ಶಕುನದ ಹೆಸರಿನಲ್ಲಿ ಒಬ್ಬ ಮಹಿಳಾ ಸಿಬ್ಬಂದಿಯ ಮೇಜು ಬದಲಾದರೆ ಅದು ಅನ್ಯಾಯ, ಅದಕ್ಕೆ ಮೃದುವಾದ ಬೇರೆ ಹೆಸರಿಲ್ಲ. ಆಯುಧಪೂಜೆಗೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಮಹಿಳಾ ಸಿಬ್ಬಂದಿಗೆ ಅರಿಶಿನ ಕುಂಕುಮ ಕೊಡುವ ರೂಢಿ ನಿಮ್ಮಲ್ಲಿದ್ದರೆ ತಟ್ಟೆ ಆಕೆಯ ಮುಂದೆ ಬಂದಾಗ ಕೈ ತಡೆಯುವ ಆ ಕ್ಷಣವನ್ನು ಮೊದಲೇ ತಪ್ಪಿಸಬೇಕು. ಹತ್ತಿರದ ಸಹೋದ್ಯೋಗಿಯೊಬ್ಬರು ಹಿಂದಿನ ದಿನ ಕೇಳಲಿ. ತೆಗೆದುಕೊಳ್ಳುವವರೂ ಇದ್ದಾರೆ, ಆ ವರ್ಷ ಹಬ್ಬವೇ ಬೇಡ, ಅಂದು ರಜೆ ಕೊಡಿ ಎನ್ನುವವರೂ ಇದ್ದಾರೆ. ತೀರ್ಮಾನ ಅವರದು.

ಆರು ತಿಂಗಳು ದಾಟಿದ ಮೇಲೂ ದುಃಖ ಒಂದಿಷ್ಟೂ ಸಡಿಲವಾಗದೆ, ದಿನದ ಕೆಲಸವೇ ಅಸಾಧ್ಯ ಎನ್ನುವಂತಿದ್ದರೆ ಅದಕ್ಕೆ ಚಿಕಿತ್ಸೆ ಬೇಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕಕ್ಕೆ ಪ್ರತ್ಯೇಕ ಸ್ಥಾನವಿದೆ. ಅದನ್ನು ಗುರುತಿಸುವುದು ವೈದ್ಯರ ಕೆಲಸ, ನಿಮ್ಮದಲ್ಲ. ಆದರೆ ಬದುಕಿರಲು ಇಷ್ಟವಿಲ್ಲ ಎಂಬರ್ಥದ ಮಾತು ಯಾವಾಗ ಕಿವಿಗೆ ಬಿದ್ದರೂ ಆರು ತಿಂಗಳು ಕಾಯಬೇಡಿ. ಅಂದೇ ಮನೆಯವರಿಗೆ ತಿಳಿಸಿ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಲು ಜೊತೆಗಿರಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟನ್ನೆಲ್ಲ ಒಬ್ಬ ಒಳ್ಳೆಯ ವ್ಯವಸ್ಥಾಪಕರು ಮಾಡಿದರು ಎಂದು ಹೊಗಳಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಅವರು ವರ್ಗವಾದರೆ, ನಿವೃತ್ತರಾದರೆ ಮುಂದಿನವರಿಗೆ ಎಲ್ಲ ಹೊಸದು. ಅದಕ್ಕೇ ಕಾಗದಕ್ಕೆ ಇಳಿಸಬೇಕು. ನಿಮ್ಮ ಆಡಳಿತ ಮಂಡಳಿಯ ಮುಂದಿಡಲು ನಿರ್ಣಯದ ಕರಡನ್ನು ನಾನೇ ಬರೆದಿದ್ದೇನೆ, ದಿನಗಳ ಸಂಖ್ಯೆಯನ್ನು ನಿಮ್ಮ ಶಕ್ತಿಗೆ ತಕ್ಕಂತೆ ತಿದ್ದಿಕೊಳ್ಳಿ:

"ಸಂಘದ ಸಿಬ್ಬಂದಿಯ ಪತಿ, ಪತ್ನಿ, ಮಕ್ಕಳು, ತಂದೆತಾಯಿ, ಅತ್ತೆಮಾವ ಅಥವಾ ಒಡಹುಟ್ಟಿದವರು ನಿಧನರಾದಲ್ಲಿ, ಮುಂಚಿತ ಅರ್ಜಿಯಿಲ್ಲದೆ, ಫೋನ್ ಮೂಲಕ ತಿಳಿಸಿದ ಮಾತ್ರಕ್ಕೆ 15 ದಿನಗಳ ಸಂಬಳಸಹಿತ ವಿಶೇಷ ರಜೆ ಮಂಜೂರು ಮಾಡುವುದು. ನಂತರದ ಒಂದು ವರ್ಷದಲ್ಲಿ 12 ಅರ್ಧ ದಿನಗಳ ಸಂಬಳಸಹಿತ ರಜೆ ಕೊಡುವುದು. ರಜೆಯ ಅವಧಿಯಲ್ಲಿ ಸದರಿಯವರ ಲಾಗಿನ್ ನಿಲ್ಲಿಸಿ, ಕೆಲಸ ನೋಡಿಕೊಳ್ಳುವವರಿಗೆ ಅಧಿಕಾರವನ್ನೂ ಭತ್ಯೆಯನ್ನೂ ಬರಹದಲ್ಲಿ ನೀಡುವುದು. ಮರಳಿದ ಮೊದಲ ತಿಂಗಳ ಕೆಲಸವನ್ನು ಅವರನ್ನು ಕೇಳಿ ನಿಗದಿಪಡಿಸುವುದು, ಆ ತಿಂಗಳ ನಗದು ಕೊರತೆಯನ್ನು ಸಂಬಳದಿಂದ ವಸೂಲು ಮಾಡದಿರುವುದು."

ತಿದ್ದುಪಡಿಗೆ ಮಂಡಳಿಯ ಒಪ್ಪಿಗೆ ಸಾಕೇ, ಮಹಾಸಭೆಗೂ ಇಲಾಖೆಗೂ ಹೋಗಬೇಕೇ ಎಂಬುದನ್ನು ನಿಮ್ಮ ಉಪವಿಧಿಯಲ್ಲಿ ನೋಡಿಕೊಳ್ಳಿ. ಮುಂದಿನ ಸಭೆಯ ಕಾರ್ಯಸೂಚಿಯನ್ನು ಈ ವಾರ ಬರೆಯುವಾಗ ಇದನ್ನೂ ಒಂದು ವಿಷಯವಾಗಿ ಸೇರಿಸಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಕಾರ್ಯದರ್ಶಿ